ಹಂಪಿ-ಬಾದಾಮಿ 5 ದಿನ: ನಮ್ಮ ಸ್ವಿಫ್ಟಾ, ಬಾಡಿಗೆ ಎರ್ಟಿಗಾನಾ?

ಪ್ರಶ್ನೆ: ದಸರಾ ರಜೆಗೆ ಬೆಂಗಳೂರಿಂದ ಹಂಪಿ, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಒಟ್ಟು 5 ದಿನ. ನಾವಿಬ್ರು, ಅತ್ತೆ, ಮಕ್ಕಳು 4 ವರ್ಷ ಮತ್ತು 8 ವರ್ಷ. ನಮ್ದು ಸ್ವಿಫ್ಟ್ ಪೆಟ್ರೋಲ್, ಓಡ್ಸೋರು ನಮ್ಮೆಜಮಾನ್ರು ಒಬ್ರೇ. ಎರ್ಟಿಗಾಗೆ ಕಿಲೋಮೀಟರ್‌ಗೆ 15 ರೂಪಾಯಿ, ದಿನಕ್ಕೆ ಮಿನಿಮಮ್ 300 ಕಿಲೋಮೀಟರ್, ಡ್ರೈವರ್ ಬಾಟಾ ದಿನಕ್ಕೆ 500 ಅಂತ ಹೇಳಿದಾರೆ. ರಾತ್ರಿ 10ಕ್ಕೆ ಹೊರಡೋ ಯೋಚನೆ. ಟ್ರಾವೆಲ್ಸ್ ಫೀಲ್ಡ್‌ನಲ್ಲಿರೋರು ಹೇಳಿ, ಯಾವ್ದು ವಾಸಿ?

ಟ್ರಾವೆಲ್ಸ್ ನಡೆಸುವವರು: ಮೇಡಂ, 15 ರೂಪಾಯಿ ನೋಡ್ಬೇಡಿ, ಮಿನಿಮಮ್ 300 ಅನ್ನೋದನ್ನ ನೋಡಿ. ಹೊಸಪೇಟೆಗೆ ಹತ್ರತ್ರ 340, ಮಾರನೇ ದಿನ ಹಂಪಿ ಒಳಗೇ 50, ಬಾದಾಮಿಗೆ 150, ಪಟ್ಟದಕಲ್ಲು ಐಹೊಳೆ ಸುತ್ತಿ 80, ವಾಪಸ್ 450. ಗಾಡಿ ಓಡೋದು 1100 ಒಳಗೇ, ಆದ್ರೆ ಬಿಲ್ ಆಗೋದು 1500ಕ್ಕೆ, ಅಂದ್ರೆ 22,500, ಬಾಟಾ 2,500, ಟೋಲ್ ಪಾರ್ಕಿಂಗ್ ಬೇರೆ. ನಿಂತು ನೋಡೋ ಟ್ರಿಪ್‌ಗೆ ಟ್ಯಾಕ್ಸಿ ದುಬಾರಿ ಆಗೋದು ಇದಕ್ಕೇ, ದಿನಾ 300 ಓಡಾಡೋ ಟ್ರಿಪ್ ಆದ್ರೆ ಈ ನಷ್ಟ ಇರಲ್ಲ.

ಇನ್ನೊಂದು, ಹೆಚ್ಚಿನ ಕಡೆ ದಿನದ ಲೆಕ್ಕ ರಾತ್ರಿ 12ರಿಂದ 12ಕ್ಕೆ. ನೀವು 10ಕ್ಕೆ ಹೊರಟ್ರೆ ಆ ಎರಡು ಗಂಟೆಗೇ ಒಂದು ದಿನ ಬೀಳತ್ತೆ, 5,000 ಹೋಯ್ತು. ಬೆಳಗಿನ ಜಾವ 4ಕ್ಕೆ ಹೊರಡಿ, ವಾಪಸ್ ಬರೋವಾಗ್ಲೂ 12ರೊಳಗೆ ಮನೆ ಸೇರಿ. ಮೀಟರ್ ನಿಮ್ಮ ಮನೆಯಿಂದ ಶುರುವಾ ಅವ್ರ ಶೆಡ್ಡಿಂದಾನಾ ಅಂತ್ಲೂ ಕೇಳ್ಕೊಳಿ.

ನಿಮ್ಮ ಗಾಡಿಗೆ ಲೀಟರ್‌ಗೆ 16 ಕೊಟ್ರೂ ಪೆಟ್ರೋಲ್ 7,000 ಆಸುಪಾಸು, ಟೈರು ಸರ್ವೀಸ್ ಅಂತ ಕಿಲೋಮೀಟರ್‌ಗೆ 3 ರೂಪಾಯಿ ಸೇರಿಸಿದ್ರೂ 10,500 ದಾಟಲ್ಲ.

ಮತ್ತೊಬ್ಬರು: ನಮ್ಮ ಏರಿಯಾದಲ್ಲಿ ಒಬ್ರು ವೈಟ್ ಬೋರ್ಡ್ ಎರ್ಟಿಗಾ 11 ರೂಪಾಯಿಗೆ ಕೊಡ್ತಾರೆ, ಮಿನಿಮಮ್ ಇಲ್ಲ ಬಾಟಾನೂ ಇಲ್ಲ, ಗಾಡಿನೂ ಹೊಸದು. ಸುಮ್ನೆ ಯಾಕೆ 25 ಸಾವಿರ ಕೊಡ್ತೀರಾ.

ಟ್ರಾವೆಲ್ಸ್ ನಡೆಸುವವರು: ಸರ್, ರೇಟ್ ಕಮ್ಮಿ ಅನ್ನೋದು ನಿಜ, ಅವ್ರು ಟ್ಯಾಕ್ಸಿ ಟ್ಯಾಕ್ಸ್, ಪರ್ಮಿಟ್, ಎಫ್‌ಸಿ ಏನೂ ಕಟ್ಟಲ್ಲ ಅದಕ್ಕೇ. ಬಾಡಿಗೆಗೆ ಓಡ್ತಿತ್ತು ಅಂತ ಗೊತ್ತಾದ್ರೆ ಇನ್ಶೂರೆನ್ಸ್‌ನವರು ಕ್ಲೇಮ್ ಕೊಡಲ್ಲ ಅಂತ ಕೂತ್ಕೋತಾರೆ. ದಾರೀಲಿ ಆರ್‌ಟಿಒ ಹಿಡಿದು ಗಾಡಿ ಸೀಜ್ ಮಾಡಿದ್ರೆ ಮಕ್ಕಳು, ವಯಸ್ಸಾದೋರನ್ನ ಕಟ್ಕೊಂಡು ರೋಡಲ್ಲಿ ನಿಲ್ಬೇಕು. ಬೇಡ.

ಪ್ರಶ್ನೆ ಕೇಳಿದವರು: ಸರ್, ದುಡ್ಡಿಗಿಂತ ಲಗೇಜ್ ಚಿಂತೆ ನಂಗೆ. ಸ್ವಿಫ್ಟ್ ಡಿಕ್ಕಿಲಿ ಎರಡು ದೊಡ್ಡ ಸೂಟ್‌ಕೇಸ್ ಇಟ್ರೆ ಮುಗೀತು, ಎರ್ಟಿಗಾ ಆದ್ರೆ ಆರಾಮ್ ಅಲ್ವಾ?

ಟ್ರಾವೆಲ್ಸ್ ನಡೆಸುವವರು: ಅಷ್ಟು ಆರಾಮ್ ಇರಲ್ಲ ಮೇಡಂ. ಡ್ರೈವರ್ ಸೇರಿ 6 ಜನ ಆಗ್ತೀರಾ, ಹಿಂದಿನ ಸೀಟಿಗೆ ಒಬ್ರು ಹೋಗ್ಲೇಬೇಕು, ಉಳಿದರ್ಧ ಮಡಚಿ ಲಗೇಜ್ ಇಡ್ಬೇಕು. ಈಗ ಹಳದಿ ಬೋರ್ಡ್ ಎರ್ಟಿಗಾ ಸುಮಾರು ಸಿಎನ್‌ಜಿನೇ, ಡಿಕ್ಕಿ ಜಾಗನ ಸಿಲಿಂಡರ್ ತಿಂದಿರತ್ತೆ. ಬುಕ್ ಮಾಡೋಕೆ ಮುಂಚೆ ಸಿಎನ್‌ಜಿನಾ, ಮೇಲೆ ಕ್ಯಾರಿಯರ್ ಇದ್ಯಾ ಅಂತ ಕೇಳಿ ಡಿಕ್ಕಿ ತೆಗೆದಿರೋ ಫೋಟೋ ತರಿಸ್ಕೊಳಿ. ಸ್ವಿಫ್ಟ್ ಆದ್ರೆ ಸೂಟ್‌ಕೇಸ್ ಬಿಟ್ಟು ಬಟ್ಟೆ ಬ್ಯಾಗ್ ತಗೊಳಿ, ಸಂದಿಗೊಂದಿಗೆಲ್ಲ ತುರುಕಬಹುದು. ಫುಲ್ ಲೋಡ್‌ಗೆ ಗಾಳಿ ಎಷ್ಟು ಅಂತ ಡ್ರೈವರ್ ಡೋರ್ ಹತ್ರ ಸ್ಟಿಕ್ಕರ್ ಇರತ್ತೆ, ಅಷ್ಟು ಹಿಡಿಸಿ.

ಹೊಸಪೇಟೆಯವರು: ಟ್ರೇನಿಗ ಬರ್ರಿ ಅಕ್ಕಾರ, ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದ್ರ ಬೆಳಿಗ್ಗೆ ಹೊಸಪೇಟಿ, ಇಲ್ಲೇ ಗಾಡಿ ಮಾಡಿಕೊಂಡು ಬಾದಾಮಿ ನೋಡಿ ಬರಬಹುದು, ಹುಡುಗ್ರು ಮಲ್ಕೊಂಡೇ ಬರ್ತಾವ.

ಇನ್ನೊಬ್ಬರು: ಗೋವಾಕ್ಕೆ ಟ್ಯಾಕ್ಸಿ ತಗೊಂಡ್ರೆ ಬಾರ್ಡರ್ ಟ್ಯಾಕ್ಸ್ ಯಾರು ಕಟ್ಬೇಕು ಸರ್? ನಾವು ಡಿಸೆಂಬರ್‌ಗೆ ಹೊರಟಿದೀವಿ.

ಟ್ರಾವೆಲ್ಸ್ ನಡೆಸುವವರು: ಸರ್, ಪರ್ಮಿಟ್ ಮೇಲೆ ಹೋಗತ್ತೆ ಅದು, ಬುಕ್ ಮಾಡೋವಾಗ್ಲೇ ಯಾರು ಕೊಡೋದು ಅಂತ ಬರೆಸ್ಕೊಳಿ. ಹೊಸಪೇಟೆ ಅಣ್ಣ ಹೇಳಿದ್ದು ಒಳ್ಳೇ ದಾರಿ, ಆದ್ರೆ ರಜೆ ಟೈಮಲ್ಲಿ 5 ಬರ್ತ್ ಒಟ್ಟಿಗೆ ಸಿಗ್ಬೇಕಲ್ಲ. ಮೇಡಂ, ನನ್ನ ಕೇಳಿದ್ರೆ ಸ್ವಿಫ್ಟೇ ತಗೊಳಿ, ಆದ್ರೆ ರಾತ್ರಿ ಹೊರಡ್ಬೇಡಿ, ದಿನವಿಡೀ ಕೆಲ್ಸ ಮಾಡಿ ಬಂದೋರು ರಾತ್ರಿಯೆಲ್ಲ ಓಡಿಸ್ಬಾರ್ದು. ಕೊನೇ ದಿನದ 450ನೂ ಒಬ್ರೇ ಎಳೀಬೇಡಿ, ಇಳಕಲ್, ಹೊಸಪೇಟೆ ಮೇಲೆ ಚಿತ್ರದುರ್ಗಕ್ಕೆ ಬಂದು ಉಳ್ಕೊಳಿ, ಕೋಟೆನೂ ನೋಡ್ದಂಗಾಯ್ತು, ಮಾರನೇ ದಿನ 200 ಕಿಲೋಮೀಟರ್ ಅಷ್ಟೇ. ಸ್ವಂತ ಗಾಡಿಲಿ ಒಂದಿನ ಜಾಸ್ತಿ ಆದ್ರೆ ರೂಮು ಊಟದ ಖರ್ಚು, ಟ್ಯಾಕ್ಸಿಲಿ ಅದರ ಮೇಲೆ ಇನ್ನೂ 5,000.

ಪ್ರಶ್ನೆ ಕೇಳಿದವರು: ಚಿತ್ರದುರ್ಗದ ಐಡಿಯಾ ಚೆನ್ನಾಗಿದೆ ಸರ್, ಆದ್ರೆ ಇವ್ರಿಗೆ ಆರನೇ ದಿನ ರಜಾ ಸಿಗತ್ತಾ ಗೊತ್ತಿಲ್ಲ, ಸಿಗ್ಲಿಲ್ಲ ಅಂದ್ರೆ?

ಟ್ರಾವೆಲ್ಸ್ ನಡೆಸುವವರು: ಹಂಗಾದ್ರೆ ಐಹೊಳೆ ಬಿಟ್ಬಿಡಿ, ನಾಲ್ಕನೇ ದಿನ ಪಟ್ಟದಕಲ್ಲು ಬೆಳಿಗ್ಗೆನೇ ಮುಗಿಸಿ ಚಿತ್ರದುರ್ಗಕ್ಕೆ ಬನ್ನಿ. ಐಹೊಳೆ ಬಿಡಲ್ಲ, ರಜೆನೂ ಇಲ್ಲ ಅಂದ್ರೆ ಮಾತ್ರ ಟ್ಯಾಕ್ಸಿ ಮಾಡಿ.

ಪ್ರಶ್ನೆ ಕೇಳಿದವರು: ಐಹೊಳೆ ನೋಡ್ಬೇಕು ಅಂತಾನೇ ಅತ್ತೆ ಹೊರಟಿರೋದು ಸರ್ 🙏 ಇವ್ರ ರಜೆ ವಿಚಾರ ತಿಳ್ಕೊಂಡು ಹೇಳ್ತೀನಿ.