ವಿಷಯವೇ ಹೇಳದೆ ಸ್ಲೈಡಿನ ಔಟ್‌ಲೈನ್ ಕೇಳಿದರೆ ಎಲ್ಲಿಂದ ಶುರು ಮಾಡುವುದು?

ಕೇಳಿದವರು (ಮಂಗಳೂರು, ಗೋಡಂಬಿ ಕಾರ್ಖಾನೆಯ ಆಫೀಸು): ನಮ್ಮ ಸರ್ ವಾಟ್ಸಾಪಿನಲ್ಲಿ "ಒಂದು ಪ್ರೆಸೆಂಟೇಶನ್ನಿಗೆ ಸ್ಲೈಡ್ ಔಟ್‌ಲೈನ್ ಮಾಡಿ ಕಳಿಸಿ" ಅಂತ ಹಾಕಿದ್ದಾರೆ. ಯಾವ ವಿಷಯ, ಯಾರ ಎದುರು, ಎಷ್ಟು ಹೊತ್ತು, ಒಂದೂ ಇಲ್ಲ. ಅವರು ಪ್ರಯಾಣದಲ್ಲಿದ್ದಾರೆ. ಹೀಗೆ ಆದವರು ಎಂತ ಮಾಡಿದ್ದೀರಿ?

ಉಡುಪಿ, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವವರು: ನನಗೆ ಬರುವ ಕೆಲಸದಲ್ಲಿ ಅರ್ಧ ಹೀಗೆಯೇ ಬರುವುದು. ಮೂರು ಪ್ರಶ್ನೆ ಸಾಲಾಗಿ ಕಳಿಸಬೇಡಿ. ಪ್ರಯಾಣದಲ್ಲಿರುವವರು ಅದನ್ನು ನೋಡಿ "ನೀವೇ ನೋಡಿ ಮಾಡಿ" ಅಂತ ಬಿಡುತ್ತಾರೆ. ನಿಮ್ಮ ಊಹೆಯನ್ನೇ ಬರೆದು ಕಳಿಸಿ: "ಸರ್, ಬರುವ ವಾರದ ಬ್ಯಾಂಕ್ ಭೇಟಿಗೆ, ಹೊಸ ಯಂತ್ರದ ಸಾಲದ ವಿಷಯ, 15 ನಿಮಿಷ ಅಂತ ಇಟ್ಟುಕೊಂಡು ಶುರು ಮಾಡುತ್ತೇನೆ. ಬೇರೆ ಇದ್ದರೆ ಹೇಳಿ." ತಪ್ಪು ಕಣ್ಣಿಗೆ ಬಿದ್ದರೆ ಜನ ಕೂಡಲೇ ತಿದ್ದುತ್ತಾರೆ, ಪ್ರಶ್ನೆಗೆ ಉತ್ತರ ಬರೆಯಲು ಪುರುಸೊತ್ತು ಬೇಕು. ಊಹೆಗೆ ಆಧಾರ ನಿಮ್ಮ ಆಫೀಸಿನಲ್ಲೇ ಉಂಟು. ಈ ತಿಂಗಳು ಯಾವ ಫೈಲು ಹೆಚ್ಚು ಓಡಾಡಿತು, ಯಾರು ಬಂದು ಹೋದರು, ಕ್ಯಾಲೆಂಡರಿನಲ್ಲಿ ಯಾವ ಮೀಟಿಂಗ್ ಗುರುತಾಗಿದೆ ನೋಡಿ.

ಒಂದೇ ಪ್ರಶ್ನೆ ಕೇಳುವಷ್ಟು ಅವಕಾಶ ಇದ್ದರೆ ವಿಷಯ ಕೇಳಬೇಡಿ. "ಕೇಳಿ ಮುಗಿಸಿದವರು ಎಂತ ಮಾಡಬೇಕು ಸರ್?" ಅಂತ ಕೇಳಿ. ಸಾಲ ಮಂಜೂರು ಮಾಡಬೇಕೋ, ಮಾಲು ಕೊಳ್ಳಬೇಕೋ, ಸುಮ್ಮನೆ ತಿಳಿದುಕೊಂಡರೆ ಸಾಕೋ. ಅದಕ್ಕೆ ಉತ್ತರ ಸಿಕ್ಕಿದರೆ ಕೂತವರು ಯಾರು ಅಂತ ಗೊತ್ತಾಗುತ್ತದೆ, ವಿಷಯವೂ ಮುಕ್ಕಾಲು ಗೊತ್ತಾಗುತ್ತದೆ.

ಸುರತ್ಕಲ್, ಮಾರ್ಕೆಟಿಂಗ್: ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ? ಗೈ ಕವಾಸಾಕಿ ಹೇಳಿದ 10-20-30 ಇದೆಯಲ್ಲ: 10 ಸ್ಲೈಡು, 20 ನಿಮಿಷ, ಅಕ್ಷರ 30 ಪಾಯಿಂಟಿಗೆ ಕಡಿಮೆ ಬೇಡ. ಯಾವ ವಿಷಯ ಆದರೂ ಅದರೊಳಗೆ ಕೂರಿಸಬಹುದು. ಸಮಸ್ಯೆ, ಪರಿಹಾರ, ನಮ್ಮ ತಂಡ, ಖರ್ಚು ಅಂತ 10 ತಲೆಬರಹ ಹಾಕಿ ಕಳಿಸಿಬಿಡಿ.

ಉಡುಪಿಯವರು: ಅಕ್ಷರದ ಮಾತು ಪೂರ್ತಿ ಒಪ್ಪುತ್ತೇನೆ, ಹಿಂದೆ ಕೂತವರಿಗೆ ಓದಲು ಸಿಗಬೇಕು. ಉಳಿದದ್ದು ಹೊಸ ಕಂಪನಿಗೆ ಹಣ ಹೂಡುವವರ ಎದುರು ನಿಲ್ಲುವವರಿಗೆ ಹೇಳಿದ ಲೆಕ್ಕ. ಕೇಳುವವರು ಬದಲಾದರೆ ತಲೆಬರಹಗಳ ಕ್ರಮವೇ ಬದಲಾಗುತ್ತದೆ.

ಮಲ್ಪೆಯ ಒಂದು ಮಂಜುಗಡ್ಡೆ ಕಾರ್ಖಾನೆಯ ಯಜಮಾನರು ನನಗೂ ಇದೇ ರೀತಿ "ಒಂದು ಔಟ್‌ಲೈನ್ ಕೊಡಿ" ಅಂದಿದ್ದರು. ಕಾರ್ಖಾನೆ ದೊಡ್ಡದು ಮಾಡುವ ವಿಷಯ ಅಂತ ಮಾತ್ರ ಗೊತ್ತಿತ್ತು. ಕೂರುವವರು ಬ್ಯಾಂಕಿನವರೋ ಬೋಟಿನ ಮಾಲಕರೋ ಗೊತ್ತಿರಲಿಲ್ಲ. ಎರಡನ್ನೂ ಕಾಗದದ ಮೇಲೆ ಹಾಕಿ ನೋಡಿದೆ.

ಬ್ಯಾಂಕಿನವರಿಗೆ ಮೊದಲ ಸ್ಲೈಡಿನಲ್ಲೇ ಎಷ್ಟು ಸಾಲ, ಯಾವುದಕ್ಕೆ ಅಂತ ಬೇಕು. ಆಮೇಲೆ ಈಗಿನ ಉತ್ಪಾದನೆ ಯಾಕೆ ಸಾಲುವುದಿಲ್ಲ, ಯಂತ್ರದ ಕೊಟೇಶನ್ ಎಷ್ಟು, ಭದ್ರತೆ ಎಂತದು. ಆದರೆ ಅವರು ಹೆಚ್ಚು ಹೊತ್ತು ನಿಲ್ಲುವುದು ಮಳೆಗಾಲದ ಸ್ಲೈಡಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಯವರು ಇಳಿಯುತ್ತಾರೆ, ಆದರೆ ಅವರಿಗೆ ಬೇಕಾಗುವ ಐಸು ಬೋಟುಗಳ ಲೆಕ್ಕಕ್ಕೆ ಬರುವುದಿಲ್ಲ. ಆ ಎರಡು ತಿಂಗಳ ಕಂತು ಎಲ್ಲಿಂದ ಕಟ್ಟುತ್ತೀರಿ ಅನ್ನುವುದಕ್ಕೆ ಸ್ಲೈಡಿನಲ್ಲಿ ಉತ್ತರ ಇಲ್ಲದಿದ್ದರೆ ಉಳಿದ ಸ್ಲೈಡುಗಳನ್ನು ಅವರು ಸರಿಯಾಗಿ ಕೇಳುವುದೇ ಇಲ್ಲ.

ಬೋಟಿನ ಮಾಲಕರಿಗೆ ಅದೇ ಕಾರ್ಖಾನೆಯ ವಿಷಯ ಹೇಳುವಾಗ ಸಾಲವೂ ಬೇಡ, ಕೊಟೇಶನ್ನೂ ಬೇಡ. ಅವರ ಮೊದಲ ಸ್ಲೈಡು ಆಗಸ್ಟ್. ನಿಷೇಧ ಮುಗಿದು ಎಲ್ಲರೂ ಒಟ್ಟಿಗೆ ಕಡಲಿಗೆ ಹೊರಡುವಾಗ ನನ್ನ ಬೋಟಿಗೆ ಸಮಯಕ್ಕೆ ಐಸು ಸಿಗುತ್ತದಾ, ದರ ಎಷ್ಟು, ಪುಡಿ ಮಾಡಿ ಬೋಟಿಗೆ ತುಂಬಿಸಿ ಕೊಡುತ್ತೀರಾ, ಇಷ್ಟೇ. ಸಭೆ ಸೇರಿಸಲು ಒಳ್ಳೆಯ ಸಮಯವೂ ಜೂನ್-ಜುಲೈಯೇ, ಆಗ ಅವರು ದಡದಲ್ಲಿರುತ್ತಾರೆ. ಭಾಷೆಯೂ ಬೇರೆ: ಬ್ಯಾಂಕಿಗೆ ಹೊರರಾಜ್ಯದಿಂದ ವರ್ಗವಾಗಿ ಬಂದ ಅಧಿಕಾರಿ ಇದ್ದರೆ ಸ್ಲೈಡು ಇಂಗ್ಲಿಷಿನಲ್ಲಿ ಬೇಕು, ಇಲ್ಲಿ ಸ್ಲೈಡು ಕನ್ನಡದಲ್ಲಿ, ಮಾತು ತುಳುವಿನಲ್ಲಿ. "ಸಮಸ್ಯೆ, ಪರಿಹಾರ, ತಂಡ" ಅಂತ ಕಳಿಸಿದ್ದರೆ ಎರಡೂ ಕಡೆಗೆ ಉಪಯೋಗ ಇರಲಿಲ್ಲ.

ಕುಂದಾಪುರ, ಹೈಸ್ಕೂಲ್ ಶಿಕ್ಷಕಿ: ನಾನು ಹೇಳುವುದು ಮುಖ್ಯವಾದದ್ದು, ಮರೆಯಬೇಡಿ. ಹಳೆಯ ನುಡಿ ಅಕ್ಷರದಲ್ಲಿ ಟೈಪ್ ಮಾಡಿದರೆ ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಎಲ್ಲ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ನಮ್ಮ ತರಬೇತಿಯಲ್ಲಿ ಸಂಪನ್ಮೂಲ ವ್ಯಕ್ತಿಯೊಬ್ಬರ ಸ್ಲೈಡು ಹೀಗೆ ಆಗಿ ಅವರು ಬಾಯಲ್ಲೇ ಹೇಳಿ ಮುಗಿಸಿದರು. ಯೂನಿಕೋಡ್‌ನಲ್ಲೇ ಮಾಡಿ. ಹಿನ್ನೆಲೆಗೆ ತಿಳಿ ಬಣ್ಣ ಇರಲಿ.

ಸುರತ್ಕಲ್: ಅಕ್ಕ, ಅವರು ಕೇಳಿದ್ದು ಔಟ್‌ಲೈನ್, ಸ್ಲೈಡು ಇನ್ನೂ ಆಗಲಿಲ್ಲ.

ಶಿಕ್ಷಕಿ: ಆಗುತ್ತದಲ್ಲ, ಆಗ ನೆನಪಿರಲಿ ಅಂತ ಹೇಳಿದ್ದು.

ಉಡುಪಿಯವರು: ಟೀಚರ್ ಹೇಳಿದ್ದು ನಿಜ. ಆದರೆ ಔಟ್‌ಲೈನ್ ಕಳಿಸುವಾಗ ಬಣ್ಣ, ಚಿತ್ರ ಒಂದೂ ಹಾಕಬೇಡಿ. ಹಾಕಿದರೆ ಸರ್ ಬಣ್ಣದ ಬಗ್ಗೆಯೇ ಅಭಿಪ್ರಾಯ ಹೇಳುತ್ತಾರೆ, ವಿಷಯ ಅಲ್ಲೇ ಉಳಿಯುತ್ತದೆ. ವರ್ಡ್‌ನಲ್ಲಿ ಬರೆಯಿರಿ. ಸ್ಲೈಡಿನ ತಲೆಬರಹಕ್ಕೆ `Heading 1`, ಕೆಳಗಿನ ಸಾಲಿಗೆ `Heading 2` ಕೊಟ್ಟರೆ, ಒಪ್ಪಿಗೆ ಆದ ಮೇಲೆ ಪವರ್‌ಪಾಯಿಂಟಿನ `Slides from Outline` ಅದನ್ನೇ ಸ್ಲೈಡು ಮಾಡುತ್ತದೆ. ತಲೆಬರಹ "ಮಳೆಗಾಲ" ಅಂತ ಇರುವುದು ಬೇಡ, "ಜೂನ್-ಜುಲೈ ಕಂತನ್ನು ಮೇ ತಿಂಗಳ ಉಳಿಕೆಯಿಂದ ಕಟ್ಟುತ್ತೇವೆ" ಅಂತ ಪೂರ್ತಿ ವಾಕ್ಯ ಇರಲಿ. ಆಗ ಸರ್‌ಗೆ ಒಪ್ಪಿಗೆಯೋ ಅಲ್ಲವೋ ಅಂತ ಓದಿದ ಕೂಡಲೇ ಹೇಳಲು ಆಗುತ್ತದೆ.

ಕದ್ರಿ, ಸಾಫ್ಟ್‌ವೇರ್ ಆಫೀಸು: ಊಹೆ ಮಾಡಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಹಿಂದೆ ಇದ್ದ ಆಫೀಸಿನಲ್ಲಿ ಹೀಗೆ ಊಹೆಯಲ್ಲಿ ಮಾಡಿದ ಔಟ್‌ಲೈನ್ ಯಾರೋ ಗಿರಾಕಿಗೆ ಹಾಗೆಯೇ ಫಾರ್ವರ್ಡ್ ಮಾಡಿದರು. ಅದರಲ್ಲಿದ್ದ ತಾರೀಕನ್ನು ಗಿರಾಕಿ ನಿಜ ಅಂದುಕೊಂಡರು, ಬೈಗುಳ ಬಂದದ್ದು ಮಾಡಿದ ಹುಡುಗಿಗೆ. ಸರ್ ಫೋನ್ ಎತ್ತುವವರೆಗೆ ಕಾಯಿರಿ.

ಉಡುಪಿಯವರು: ಅದು ಆಗುವುದುಂಟು. ಅದಕ್ಕೇ ಊಹೆಯನ್ನು ಮೆಸೇಜಿನಲ್ಲಿ ಮಾತ್ರ ಬರೆಯಬೇಡಿ, ಫೈಲು ಹೋದಾಗ ಮೆಸೇಜು ಜೊತೆಗೆ ಹೋಗುವುದಿಲ್ಲ. ಪುಟದ ಮೇಲ್ಗಡೆಯೇ "ಕರಡು. ಕೇಳುವವರು: ಬ್ಯಾಂಕ್ (ಊಹೆ). ಸಮಯ: 15 ನಿಮಿಷ (ಊಹೆ)" ಅಂತ ಇರಲಿ. ಗೊತ್ತಿಲ್ಲದ ಅಂಕಿ, ತಾರೀಕು ಇರುವಲ್ಲಿ ಖಾಲಿ ಗೆರೆ ಬಿಡಿ.

ಕದ್ರಿ: ಆ ಸಾಲನ್ನು ಅಳಿಸಿ ಫಾರ್ವರ್ಡ್ ಮಾಡುವವರೂ ಇದ್ದಾರೆ ಸರ್. ನಾನಾದರೆ ಫೋನೇ ಮಾಡುವುದು.

ಕೇಳಿದವರು: ಊಹೆ ಬರೆದು ಕಳಿಸಿದೆ. ಸರ್ ಕೂಡಲೇ "ಬ್ಯಾಂಕ್ ಅಲ್ಲ, ನಮ್ಮ ಬೋರ್ಡ್ ಮೀಟಿಂಗ್. ಯಂತ್ರದ ವಿಷಯವೇ" ಅಂದರು. ಸಮಯ ಕೇಳಿದರೆ ಉತ್ತರ ಇಲ್ಲ.

ಉಡುಪಿಯವರು: ಬೋರ್ಡ್ ಆದರೆ ಯಂತ್ರ ತಗೊಳ್ಳುವುದೋ ಬೇಡವೋ ಅನ್ನುವ ನಿರ್ಧಾರ ಆಗಬೇಕು, ಅದನ್ನೇ ಮೊದಲ ತಲೆಬರಹ ಮಾಡಿ. ಸಮಯಕ್ಕೆ ಸರ್‌ನ್ನು ಕಾಯಬೇಡಿ, ಅಜೆಂಡಾ ತಯಾರಿಸುವವರ ಹತ್ತಿರ ಎಷ್ಟು ವಿಷಯ ಉಂಟು, ನಿಮ್ಮದು ಎಷ್ಟನೆಯದು ಅಂತ ಕೇಳಿ. ಸಿಕ್ಕಿದ ಹೊತ್ತಿನಲ್ಲಿ ಮೂರನೇ ಒಂದು ಭಾಗ ಪ್ರಶ್ನೆಗೆ ಬಿಡಿ, ಅಂಕಿ ಇರುವ ಸ್ಲೈಡಿಗೆ 2 ನಿಮಿಷ ಹಿಡಿಯಿರಿ. 15 ನಿಮಿಷ ಅಂದರೆ 5 ಸ್ಲೈಡು. ಅರ್ಧ ಗಂಟೆ ಸಿಕ್ಕಿದರೆ ಹೊಸ ವಿಷಯ ಸೇರಿಸುವುದು ಬೇಡ, ಖರ್ಚಿನ ಸ್ಲೈಡನ್ನೇ ಎರಡು ಮಾಡಿ ಬಿಡಿಸಿ ಹೇಳಿ. ಪ್ರತಿ ತಲೆಬರಹದ ಎದುರು, ಸಮಯ ಕಡಿಮೆ ಬಿದ್ದರೆ ಮೊದಲು ಬಿಡುವುದು ಯಾವುದು, ಆಮೇಲೆ ಯಾವುದು ಅಂತ ನಂಬರ್ ಹಾಕಿ.

ಕೇಳಿದವರು: ಕೇಳಿದೆ. ಒಟ್ಟು 8 ವಿಷಯ, ನಮ್ಮದು 7ನೆಯದು, ಊಟಕ್ಕೆ ಮುಂಚೆ.

ಉಡುಪಿಯವರು: ಹಾಗಾದರೆ 5 ನಿಮಿಷ ಅಂತ ಇಟ್ಟುಕೊಳ್ಳಿ. ಎರಡು ಸ್ಲೈಡು ಸಾಕು: ಯಂತ್ರಕ್ಕೆ ಎಷ್ಟು, ಅದು ಬಂದರೆ ಸಿಪ್ಪೆ ತೆಗೆಯುವಾಗ ಒಡೆಯುವ ಬೀಜ ಎಷ್ಟು ಕಡಿಮೆ ಆಗುತ್ತದೆ. ಉಳಿದ ಮೂರನ್ನು ಹಿಂದೆ ಇಟ್ಟುಕೊಂಡಿರಿ, ಯಾರಾದರೂ ಕೇಳಿದರೆ ತೆಗೆಯಬಹುದು.