ವೀಟೋಗೆ ‘ನಿಷೇಧಾಧಿಕಾರ’ ಸರಿಯೇ?

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ. ಪಿಯು ಮಕ್ಕಳಿಗೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ವೀಟೋಗೆ ‘ನಿಷೇಧಾಧಿಕಾರ’ ಎಂದು ಹಾಕಿದ್ದೆ. ಒಬ್ಬಳು ಹುಡುಗಿ ಓದಿ, “ಸರ್, ಹಾಗಾದ್ರೆ ಅಮೆರಿಕ ಆ ಅಧಿಕಾರದಿಂದ ಉಕ್ರೇನ್ ಯುದ್ಧವನ್ನೇ ನಿಷೇಧ ಮಾಡಬಹುದಿತ್ತಲ್ವಾ?” ಎಂದು ಕೇಳಿದಳು. ತಪ್ಪು ಅವಳದಲ್ಲ, ನನ್ನ ಪದದ್ದು. ಇದಕ್ಕೆ ಬೇರೆ ಪದ ಇದೆಯೇ?

ಕಾರವಾರದಿಂದ:
ಪೇಪರಿನವರು ‘ವೀಟೋ’ ಅಂತಲೇ ಬರೆಯುತ್ತಾರೆ, ಸುಮ್ನೆ ಅದನ್ನೇ ಇಟ್ಟುಕೊಳ್ಳಿ. ಅರ್ಥ ಸುಲಭ. ಐದು ದೊಡ್ಡ ದೇಶಗಳಲ್ಲಿ ಒಂದು ‘ಬೇಡ’ ಅಂದರೆ ಮಂಡಳಿಯಲ್ಲಿ ಆ ವಿಷಯ ಎತ್ತುವ ಹಾಗೂ ಇಲ್ಲ. ಐದೂ ದೇಶ ‘ಹೌದು’ ಅನ್ನಲೇಬೇಕು.

ಸಿದ್ದಾಪುರದಿಂದ:
ನಮ್ಮ ಮನೆಯ ಹಿಸೆಯೂ ಹೀಗೇ ಮಾರಾಯ್ರೆ. ಆರು ಜನ ಪಾಲುದಾರರು, ಐದು ಜನ ಸಹಿ ಹಾಕಿದ್ದಾರೆ. ಮುಂಬೈಯಲ್ಲಿರುವ ಚಿಕ್ಕಪ್ಪ ಹಾಕುವುದಿಲ್ಲ. ಅಡಿಕೆ ತೋಟದ ಕೆಲಸವೆಲ್ಲ ನಿಂತಿದೆ. ನಾವು ಇದಕ್ಕೆ ‘ಅಡ್ಡಗಾಲು’ ಅನ್ನುತ್ತೇವೆ. ಅದನ್ನೇ ಹಾಕಬಹುದಲ್ಲ?

ಹೊನ್ನಾವರದಿಂದ:
ಚಿಕ್ಕಪ್ಪನ ಉದಾಹರಣೆ ಅರ್ಧ ದೂರ ಬರುತ್ತದೆ. ಅವರು ಸಹಿ ಹಾಕದಿದ್ದರೆ ನೀವು ಕೋರ್ಟಿಗೆ ಹೋಗಬಹುದು. ಭದ್ರತಾ ಮಂಡಳಿಯಲ್ಲಿ ಬಿದ್ದುಹೋದ ನಿರ್ಣಯವನ್ನು ಎತ್ತಿ ನಿಲ್ಲಿಸಲು ಮೇಲೆ ಯಾವ ಕೋರ್ಟೂ ಇಲ್ಲ.

ಈಗ ಪದಕ್ಕೆ ಬರೋಣ. ವಿಶ್ವಸಂಸ್ಥೆಯ ಸನ್ನದಿನಲ್ಲಿ ‘ವೀಟೋ’ ಎಂಬ ಪದವೇ ಇಲ್ಲ. 27ನೇ ವಿಧಿ ಹೇಳುವುದು ಇಷ್ಟು: ನಿರ್ಣಯಕ್ಕೆ 15ರಲ್ಲಿ 9 ಮತ ಬೇಕು, ಅದರಲ್ಲಿ ಕಾಯಂ ಸದಸ್ಯರ, ಅಂದರೆ ಆ ಐದು ದೊಡ್ಡ ದೇಶಗಳ, ಒಪ್ಪಿಗೆಯ ಮತವೂ ಸೇರಿರಬೇಕು. ಅಂದರೆ ಇದು ಏನನ್ನೋ ನಿಷೇಧಿಸುವ ಅಧಿಕಾರ ಅಲ್ಲ, ಒಪ್ಪಿಗೆ ಕೊಡದೆ ಇರುವ ಹಕ್ಕು. ಯುದ್ಧ ನಿಲ್ಲಿಸಲು ಇದು ಬರುವುದಿಲ್ಲ. ಯುದ್ಧ ನಿಲ್ಲಿಸಲು ಹೊರಟವರನ್ನು ನಿಲ್ಲಿಸಲು ಬರುತ್ತದೆ. ನಿಮ್ಮ ಹುಡುಗಿಗೆ ಹೀಗೆ ಹೇಳಿ.

ಕಾರವಾರದವರ ಮಾತಿನಲ್ಲಿ ಎರಡು ತಿದ್ದುಪಡಿ. ವಿಷಯ ಎತ್ತುವುದು ಕಲಾಪದ ಪ್ರಶ್ನೆ, ಅಲ್ಲಿ ಯಾರದೂ ವೀಟೋ ನಡೆಯುವುದಿಲ್ಲ. 2022ರ ಫೆಬ್ರುವರಿ 25ರಂದು ಉಕ್ರೇನ್ ನಿರ್ಣಯಕ್ಕೆ 11 ಮತ ಬಂತು, ರಷ್ಯಾ ಒಂದೇ ವಿರೋಧಿಸಿತು, ನಿರ್ಣಯ ಬಿತ್ತು. ಎರಡು ದಿನ ಬಿಟ್ಟು ಸಾಮಾನ್ಯ ಸಭೆಯ ತುರ್ತು ಅಧಿವೇಶನ ಕರೆಯುವ ಪ್ರಶ್ನೆ ಬಂತು. ಮತ್ತೆ 11 ಮತ, ಮತ್ತೆ ರಷ್ಯಾದ ವಿರೋಧ. ಈ ಸಲ ಪಾಸಾಯಿತು, ಯಾಕೆಂದರೆ ಅದು ಕಲಾಪದ ವಿಷಯ. ಆದರೆ ಆ ಸಭೆ 141 ಮತದಿಂದ ಹೇಳಿದ್ದು ಶಿಫಾರಸು ಮಾತ್ರ. ಯಾವ ದೇಶವನ್ನೂ ಅದು ಕಟ್ಟಿಹಾಕಲಾರದು.

ಇನ್ನು ‘ಐದೂ ಹೌದು ಅನ್ನಬೇಕು’ ಎಂಬುದು. ಸನ್ನದನ್ನು ಅಕ್ಷರಶಃ ಓದಿದರೆ ಹಾಗೇ ಕಾಣುತ್ತದೆ. ರೂಢಿಯಲ್ಲಿ ಹಾಗಿಲ್ಲ. ಮತ ಹಾಕದೆ ಸುಮ್ಮನೆ ಕೂತರೆ ಅಡ್ಡಿ ಆಗುವುದಿಲ್ಲ. 1971ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ನಮೀಬಿಯಾ ವಿಷಯದಲ್ಲಿ ಈ ರೂಢಿಯನ್ನು ಒಪ್ಪಿತು.

ಕಾರವಾರದಿಂದ:
ಓಹ್, ಕಲಾಪದ ವಿಷಯ ಗೊತ್ತಿರಲಿಲ್ಲ. ಆದರೂ ಒಂದು ಸಂಶಯ. ದಾಳಿ ಮಾಡಿದ ದೇಶವೇ ತನ್ನ ಮೇಲಿನ ನಿರ್ಣಯಕ್ಕೆ ಮತ ಹಾಕುವುದು ಹೇಗೆ? ನಮ್ಮ ಸೊಸೈಟಿಯಲ್ಲಿ ತನ್ನ ಸಾಲದ ಅರ್ಜಿ ಬಂದರೆ ನಿರ್ದೇಶಕ ಎದ್ದು ಹೊರಗೆ ಹೋಗುತ್ತಾನೆ.

ಹೊನ್ನಾವರದಿಂದ:
ಇಲ್ಲೇ ಇಡೀ ಗಂಟು ಇರುವುದು. ಅದೇ 27ನೇ ವಿಧಿಯ ಬಾಲದಲ್ಲಿ ನಿಮ್ಮ ಸೊಸೈಟಿಯ ನಿಯಮ ಇದೆ: ಜಗಳದ ಕಕ್ಷಿದಾರ ಮತ ಹಾಕಬಾರದು. ಆದರೆ ಅದು ಮುಖ್ಯವಾಗಿ ಆರನೇ ಅಧ್ಯಾಯಕ್ಕೆ, ಅಂದರೆ ಮಾತುಕತೆಯಿಂದ ಬಗೆಹರಿಸುವ ವಿಷಯಕ್ಕೆ. ಆರ್ಥಿಕ ದಿಗ್ಬಂಧನ, ಸೇನೆ ಕಳಿಸುವುದು ಎಲ್ಲ ಏಳನೇ ಅಧ್ಯಾಯ. ಅಲ್ಲಿ ಆ ನಿಯಮ ಇಲ್ಲ. ಹಲ್ಲಿರುವ ಕಡೆ ಬಾಯಿ ಕಟ್ಟಿದೆ ಅನ್ನಿ. ಆರರಲ್ಲೂ ಅದು ಬಳಕೆಯಲ್ಲಿ ಸವೆದುಹೋಗಿದೆ. ಕರಡಿನಲ್ಲಿ ಅಧ್ಯಾಯದ ಹೆಸರೇ ಇಲ್ಲದಿದ್ದರೆ ಇದು ಆರೋ ಏಳೋ, ಜಗಳವೋ ಬರೀ ಪರಿಸ್ಥಿತಿಯೋ ಎಂದು ಹೇಳುವವರು ಯಾರು? ತಿದ್ದೋಣ ಅಂದರೆ 108ನೇ ವಿಧಿಯ ಪ್ರಕಾರ ತಿದ್ದುಪಡಿಗೂ ಐವರ ಅನುಮೋದನೆ ಬೇಕು.

ಶಿರಸಿಯಿಂದ:
ಹಾಗಾದರೆ ‘ಒಪ್ಪಿಗೆ ತಡೆಯುವ ಹಕ್ಕು’ ಎಂದು ಬರೆಯಲೇ? ಉದ್ದ ಜಾಸ್ತಿ ಆಯಿತು. ‘ತಡೆಮತ’ ಹೇಗೆ?

ಹೊನ್ನಾವರದಿಂದ:
‘ತಡೆಮತ’ ನನಗೆ ಇಷ್ಟ. ಒಂದೇ ಎಚ್ಚರ. ಕಾಯಂ ಸದಸ್ಯರ ಪ್ರತಿ ವಿರೋಧ ಮತವೂ ತಡೆಮತ ಅಲ್ಲ. 2014ರ ಡಿಸೆಂಬರಿನಲ್ಲಿ ಪ್ಯಾಲೆಸ್ಟೀನ್ ನಿರ್ಣಯಕ್ಕೆ ಅಮೆರಿಕ ವಿರುದ್ಧ ಮತ ಹಾಕಿತು. ಪರವಾಗಿ ಬಂದದ್ದು ಎಂಟೇ ಮತ. ಒಂಬತ್ತೇ ಆಗದ ಮೇಲೆ ತಡೆಯುವುದು ಏನನ್ನು? ಅದನ್ನು ವೀಟೋ ಎಂದು ಲೆಕ್ಕ ಹಿಡಿಯುವುದಿಲ್ಲ.

ಸಿದ್ದಾಪುರದಿಂದ:
‘ಗೈರು’ ಮತ್ತು ‘ತಟಸ್ಥ’ ಎರಡನ್ನೂ ಪೇಪರಿನಲ್ಲಿ ಒಂದೇ ಎಂಬಂತೆ ಬರೆಯುತ್ತಾರಲ್ಲ, ಅದು ಸರಿಯೇ?

ಹೊನ್ನಾವರದಿಂದ:
ಸರಿಯಲ್ಲ. 1950ರಲ್ಲಿ ಚೀನಾದ ಕುರ್ಚಿಯಲ್ಲಿ ಯಾವ ಸರ್ಕಾರ ಕೂರಬೇಕು ಎಂಬ ಜಗಳಕ್ಕೆ ಸಿಟ್ಟಾಗಿ ಸೋವಿಯತ್ ಒಕ್ಕೂಟ ಸಭೆಗೇ ಬರಲಿಲ್ಲ. ಅದು ಗೈರು. ಆ ಸಂದಿಯಲ್ಲೇ ದಕ್ಷಿಣ ಕೊರಿಯಾಕ್ಕೆ ನೆರವು ಕೊಡಿ ಎಂಬ ನಿರ್ಣಯ ಪಾಸಾಯಿತು. ಆಗಸ್ಟಿನಲ್ಲಿ ಅವರು ವಾಪಸು ಬಂದು ಕೂತರು, ಅಂಥ ದಾರಿ ಮುಚ್ಚಿತು. 2022ರ ಫೆಬ್ರುವರಿಯಲ್ಲಿ ಭಾರತ ಸಭೆಯಲ್ಲೇ ಕೂತು ಮತ ಹಾಕಲಿಲ್ಲ. ಅದನ್ನು ತಟಸ್ಥ ಅನ್ನುತ್ತಾರೆ. ಆದರೆ ಮತ ಹಾಕದವರೆಲ್ಲ ಮನಸ್ಸಿನಲ್ಲೂ ತಟಸ್ಥರೇ ಎನ್ನಲು ನನಗೆ ಧೈರ್ಯ ಇಲ್ಲ. ಇದಕ್ಕೆ ಒಳ್ಳೆಯ ಪದ ಸಿಕ್ಕಿದವರು ತಿಳಿಸಿ.