ತಿರುವಿನಿಂದ ಹೊರಗೆ ಬರುವಾಗ ಮಿಸ್ಸಿಂಗ್: ಪೆಟ್ರೋಲ್ ಪ್ರಾಬ್ಲಮ್ಮಾ, ಟ್ರಾಕ್ಷನ್ ಕಂಟ್ರೋಲ್ ಕೆಲ್ಸಾನಾ?

ಕಾರ್ಬ್ ಕಾಲದವ
ಎಲ್ರಿಗೂ ನಮಸ್ಕಾರ. ತುಂಬಾ ವರ್ಷ ಬೈಕ್ ಮುಟ್ಟಿರ್ಲಿಲ್ಲ, ಆಗ ಓಡಿಸ್ತಿದ್ದಿದ್ದು ಕಾರ್ಬ್ಯುರೇಟರ್ ಗಾಡಿ, ಕೇಬಲ್ ಎಳೆದಷ್ಟು ಹೋಗುತ್ತೆ ಅನ್ನೋದಷ್ಟೇ ಗೊತ್ತು. ಈಗ ಸೆಕೆಂಡ್ ಹ್ಯಾಂಡ್ 650 ಸಿಸಿ ಟ್ವಿನ್ ಒಂದು ತಗೊಂಡಿದೀನಿ, ರೈಡ್ ಬೈ ವೈರ್, Sport, Road, Rain ಅಂತ ಮೂರು ಮೋಡ್ ಇದೆ, ಟ್ರಾಕ್ಷನ್ ಕಂಟ್ರೋಲ್ ಎರಡು ಲೆವೆಲ್. ಎರಡು ತೊಂದ್ರೆ ಇದೆ. ಒಂದು, Sport ಅಲ್ಲಿ ನಿಧಾನಕ್ಕೆ ಹೋಗ್ತಾ ಥ್ರಾಟಲ್ ಮುಚ್ಚಿ ಮತ್ತೆ ತೆಗೆದ್ರೆ ಗಾಡಿ ಝಟಕ್ ಅಂತ ಎಗರುತ್ತೆ. ಇನ್ನೊಂದು ನಿಜವಾಗ್ಲೂ ಭಯ ಹುಟ್ಟಿಸ್ತಿದೆ, ಸೆಕೆಂಡ್ ಗೇರಲ್ಲಿ ತಿರುವು ಮುಗಿಸಿ ಪಿಕಪ್ ತಗೋವಾಗ ಇಂಜಿನ್ ಬ ಬ ಬ ಅಂತ ಮಿಸ್ಸಿಂಗ್ ಹೊಡೆಯುತ್ತೆ, ರಸ್ತೆ ಒಣಗಿದ್ರೂ ಅಷ್ಟೇ. ನೇರ ರಸ್ತೇಲಿ ಏನೂ ಇಲ್ಲ. ಫ್ಯೂಯಲ್ ಫಿಲ್ಟರ್ ಹೋಗಿದ್ಯಾ?

ಟಾಪ್ ಗೇರ್
ಬ್ರೋ ಅದು ಟ್ರಾಕ್ಷನ್ ಕಂಟ್ರೋಲ್, ಮೆನುಗೆ ಹೋಗಿ ಆಫ್ ಮಾಡ್ಬಿಡಿ. ಹಳೇ ಗಾಡೀಲಿ ಇತ್ತಾ ಇದೆಲ್ಲ? ಇಲ್ಲಾಂದ್ರೆ Rain ಅಲ್ಲೇ ಓಡ್ಸಿ, ಪವರ್ ಅರ್ಧ ಆಗುತ್ತೆ, ಟೈರ್ ಜಾರೋದೇ ಇಲ್ಲ.

ವೀಲ್ ಸೆನ್ಸರ್
ಟ್ರಾಕ್ಷನ್ ಕಂಟ್ರೋಲ್ ಅನ್ನೋದು ಸರಿ ಇರ್ಬೋದು, ಆದ್ರೆ ಆಫ್ ಮಾಡಿ ಅನ್ನೋ ಸಲಹೆ ಬೇಡ, ಅದು ಯಾಕೆ ಕಟ್ ಮಾಡ್ತಿದೆ ಅಂತ ಮೊದ್ಲು ಗೊತ್ತಾಗ್ಬೇಕು.

ಸರ್, ಮಿಸ್ಸಿಂಗ್ ಹೊಡೆಯೋ ಹೊತ್ತಿಗೆ ಮೀಟರಲ್ಲಿ ಹಳದಿ ಲೈಟ್ ಪಟಪಟ ಮಿಣುಕುತ್ತಾ ಅಂತ ನೋಡಿ, ತಿರುವಲ್ಲಿ ಕಣ್ಣು ಮೀಟರ್ ಮೇಲಿಡೋದು ಬೇಡ, ಹಿಂದೆ ಕೂತವ್ರು ನೋಡ್ಲಿ ಅಥವಾ ಮೀಟರ್ ಕಡೆಗೆ ಒಂದು ಕ್ಯಾಮೆರಾ ಕಟ್ಟಿ. ಮಿಣುಕಿದ್ರೆ ಇಂಜಿನ್ನಿನ ಕಂಪ್ಯೂಟರ್ ಇಸಿಯು ಬೇಕಂತಲೇ ಸ್ಪಾರ್ಕ್ ಕಟ್ ಮಾಡ್ತಿದೆ ಅಥವಾ ಗಾಳಿ ಬಿಡೋ ಬಟರ್‌ಫ್ಲೈ ಮುಚ್ತಿದೆ. ಲೈಟ್ ಇಲ್ದೆ ಮಿಸ್ಸಿಂಗ್ ಆದ್ರೆ ಆಗ ಪೆಟ್ರೋಲ್, ಪ್ಲಗ್ ಕಡೆ ನೋಡೋಣ. ಮಿಣುಕದೆ ಸುಮ್ನೆ ಉರೀತಾನೇ ಇದ್ರೆ ಒಂದೋ ಆಫ್ ಆಗಿದೆ ಇಲ್ಲಾ ಸಿಸ್ಟಮ್ ಫಾಲ್ಟ್.

ಇಂಜಿನ್ನಿಗೆ ಟೈರ್ ಜಾರ್ತಿದೆ ಅಂತ ಕಣ್ಣಿಂದ ಕಾಣಲ್ಲ. ಎಬಿಎಸ್‌ಗೆ ಇರೋ ಅದೇ ಎರಡು ಸೆನ್ಸರಿಂದ ಮುಂದಿನ ಚಕ್ರ, ಹಿಂದಿನ ಚಕ್ರದ ಸ್ಪೀಡ್ ಹೋಲಿಸುತ್ತೆ, ಹಿಂದಿಂದು ಲೆಕ್ಕಕ್ಕಿಂತ ಜೋರಾಗಿ ತಿರುಗಿದ್ರೆ ಜಾರ್ತಿದೆ ಅಂದ್ಕೊಳ್ಳುತ್ತೆ. ಅದಕ್ಕೇ ಕೇಳ್ತೀನಿ, ಹಿಂದಿನ ಟೈರ್ ಸೈಜ್ ಏನಿದೆ, ಮ್ಯಾನುಯಲ್ ಅಲ್ಲಿ ಏನಿದೆ? ಸೆಕೆಂಡ್ ಹ್ಯಾಂಡ್ ಅಂದ್ರಲ್ಲ.

ನೀರು ಬಕೆಟ್
ನನ್ ಗಾಡೀಲೂ ಇದೇ ಲೈಟ್ ಬಂತು ಗುರು, ಪ್ಯಾಡಕ್ ಸ್ಟ್ಯಾಂಡ್ ಹಾಕಿ ಚೈನ್ ತೊಳೀತಾ ಗೇರಲ್ಲಿಟ್ಟು ಹಿಂದಿನ ಚಕ್ರ ತಿರುಗಿಸ್ದೆ, ಲೈಟ್ ಹತ್ಕೊಂಡು ಹೋಗ್ಲೇ ಇಲ್ಲ. ಸೆನ್ಸರ್ ಚೇಂಜ್ ಮಾಡ್ಬೇಕಾ?

ವೀಲ್ ಸೆನ್ಸರ್
@ನೀರು ಬಕೆಟ್ ಬೇಡ, ಮುಂದಿಂದು ನಿಂತಿದೆ ಹಿಂದಿಂದು ಓಡ್ತಿದೆ, ಅದಕ್ಕೆ ತಲೆ ಕೆಟ್ಟಿದೆ. ಕೀ ಆಫ್ ಮಾಡಿ ಆನ್ ಮಾಡಿ, ಸ್ವಲ್ಪ ದೂರ ಓಡ್ಸಿ, ಹೆಚ್ಚಿನ ಗಾಡೀಲಿ ತಾನೇ ಹೋಗುತ್ತೆ. ಹೋಗ್ಲಿಲ್ಲ ಅಂದ್ರೆ ಬೇರೆ ಥ್ರೆಡ್ ಹಾಕಿ, ಇಲ್ಲಿ ವಿಷ್ಯ ಬೇರೆ.

ಕಾರ್ಬ್ ಕಾಲದವ
ನನ್ ಮಗ ಹಿಂದೆ ಕೂತು ನೋಡ್ದ, ಮಿಸ್ಸಿಂಗ್ ಜೊತೇಲೇ ಲೈಟ್ ಮಿಣುಕುತ್ತೆ. ಟೈರ್ ಗೋಡೆ ಮೇಲೆ 150/60-17 ಅಂತಿದೆ, ಮ್ಯಾನುಯಲ್ ಅಲ್ಲಿ 150/70-17. ಒಂದೇ ಅಗಲ, ಒಂದೇ ರಿಮ್ ಅಲ್ವಾ, ಏನ್ ವ್ಯತ್ಯಾಸ?

ವೀಲ್ ಸೆನ್ಸರ್
ಸಿಕ್ತು ಸರ್. ಅಗಲ 150 ಮಿಮೀ ಒಂದೇ, ಆದ್ರೆ ಎರಡನೇ ನಂಬರ್ ಗೋಡೆ ಎತ್ತರ, ಅಗಲದ ಶೇಕಡಾ ಎಷ್ಟು ಅಂತ. 70 ಅಂದ್ರೆ 105 ಮಿಮೀ, 60 ಅಂದ್ರೆ 90. ರಿಮ್ 17 ಇಂಚು ಅಂದ್ರೆ 432 ಮಿಮೀ ಹತ್ರ, ಮೇಲೆ ಕೆಳಗೆ ಎರಡು ಗೋಡೆ ಸೇರಿಸಿದ್ರೆ ಕಂಪನಿ ಟೈರ್ ಎತ್ತರ 642, ನಿಮ್ದು 612. ಅಂದ್ರೆ ಅದೇ ರಸ್ತೆ ಅದೇ ಸ್ಪೀಡಲ್ಲಿ ನಿಮ್ ಹಿಂದಿನ ಚಕ್ರ ಸುಮಾರು 5 ಪರ್ಸೆಂಟ್ ಜಾಸ್ತಿ ತಿರುಗುತ್ತೆ. ಟೈರ್ ಒಂಚೂರೂ ಜಾರದೇನೇ ಇಸಿಯು ಕಣ್ಣಿಗೆ ಯಾವಾಗ್ಲೂ 5 ಪರ್ಸೆಂಟ್ ಜಾರ್ತಾ ಇದೆ.

ನೇರ ರಸ್ತೇಲಿ ಯಾಕಿಲ್ಲ ಅಂದ್ರೆ, ಅಷ್ಟು ಸ್ಲಿಪ್ಪನ್ನ ಅದು ಸಹಿಸ್ಕೊಳ್ತಿದೆ. ಗಾಡಿ ವಾಲಿದಾಗ ಟೈರಿನ ನಡು ಬಿಟ್ಟು ಅಂಚು ರಸ್ತೆ ಮುಟ್ಟುತ್ತೆ, ಅಂಚಲ್ಲಿ ಸುತ್ತಳತೆ ಕಮ್ಮಿ, ಹಿಂದಿನ ಟೈರ್ ಅಗಲ ಇರೋದ್ರಿಂದ ಮುಂದಿಂದಕ್ಕಿಂತ ಜಾಸ್ತಿ ಕಮ್ಮಿ ಆಗುತ್ತೆ. ಆ ವ್ಯತ್ಯಾಸಾನೂ 5ರ ಮೇಲೆ ಸೇರ್ಕೊಂಡು, ನೀವು ಥ್ರಾಟಲ್ ಕೊಟ್ಟಾಗ ಬರೋ ಸಣ್ಣ ಸ್ಲಿಪ್ಪೂ ಸೇರ್ಕೊಂಡು ಗೆರೆ ದಾಟುತ್ತೆ. ವಾಲಿರೋ ಕೋನ ಅಳೆಯೋ ಐಎಂಯು ಇರೋ ಗಾಡಿಗಳು ಇದನ್ನ ಸ್ವಲ್ಪ ಲೆಕ್ಕ ಹಾಕ್ಕೊಳ್ತವೆ, ನಿಮ್ದರಲ್ಲಿ ಬರೀ ವೀಲ್ ಸ್ಪೀಡ್ ಇದ್ರೆ ಅದಕ್ಕೆ ವಾಲಿದೀರೋ ಇಲ್ವೋ ಗೊತ್ತೇ ಆಗಲ್ಲ.

ಮ್ಯಾನುಯಲ್ ಸೈಜ್ ಟೈರ್ ಹಾಕ್ಸಿ. ಅಲ್ಲೀವರೆಗೆ ಟ್ರಾಕ್ಷನ್ ಕಂಟ್ರೋಲ್ ಕಮ್ಮಿ ಅಡ್ಡ ಬರೋ ಲೆವೆಲಲ್ಲಿಡಿ, ಆಫ್ ಬೇಡ. ದೊಡ್ಡ ಟೈರ್ ಹಾಕಿದ್ರೆ ಉಲ್ಟಾ ಆಗುತ್ತೆ, ನಿಜವಾಗ್ಲೂ ಜಾರಿದ್ರೂ ಅದು ತಡವಾಗಿ ಎದ್ದೇಳುತ್ತೆ, ಮಿಸ್ಸಿಂಗ್ ಇಲ್ಲ ಅಂತ ಖುಷಿಪಡೋ ವಿಷ್ಯ ಅಲ್ಲ ಅದು.

ಟಾಪ್ ಗೇರ್
ಓಕೆ ಟೈರ್ ವಿಷ್ಯ ಒಪ್ಕೊಂಡೆ. ಆದ್ರೂ Rain ಸೇಫ್ ಅಲ್ವಾ?

ವೀಲ್ ಸೆನ್ಸರ್
ಒದ್ದೆ ರಸ್ತೆಗೆ ಸೇಫೇ, ಆದ್ರೆ ಪವರ್ ಅರ್ಧ ಅನ್ನೋದು ಎಲ್ಲಾ ಗಾಡಿಗೂ ಸರಿ ಅಲ್ಲ. ಕೆಲವು ಗಾಡಿ ಟಾಪ್ ಪವರ್ ಇಳಿಸ್ತವೆ, ಕೆಲವು ಪೂರ್ತಿ ಪವರ್ ಕೊಟ್ಟು ಬರೋ ರೀತಿ ಮಾತ್ರ ಮೆತ್ತಗೆ ಮಾಡ್ತವೆ. ಗ್ರಿಪ್ ಹತ್ರ ಒಂದು ಸೆನ್ಸರ್, ಬಟರ್‌ಫ್ಲೈ ಹತ್ರ ಒಂದು ಮೋಟರ್, ಮಧ್ಯದಲ್ಲಿ ಇಸಿಯು. ನೀವು ಕಾಲು ಭಾಗ ತಿರುಗಿಸಿದ್ರೆ ಬಟರ್‌ಫ್ಲೈ ಎಷ್ಟು ತೆರೀಬೇಕು ಅಂತ ಮೋಡ್ ಹೇಳುತ್ತೆ, Sport ಅಲ್ಲಿ ಮೊದ್ಲೇ ಜಾಸ್ತಿ, Rain ಅಲ್ಲಿ ಕಮ್ಮಿ. ಟೈರ್ ಜಾರೋದೇ ಇಲ್ಲ ಅನ್ನೋದಂತೂ ತಪ್ಪು. ಮುಂದಿನ ಟೈರ್ ಜಾರಿದ್ರೆ ಟ್ರಾಕ್ಷನ್ ಕಂಟ್ರೋಲ್ ಏನೂ ಮಾಡಲ್ಲ, ಗೇರ್ ಇಳಿಸಿ ಕ್ಲಚ್ ದಬಕ್ಕನೆ ಬಿಟ್ಟು ಹಿಂದಿನ ಚಕ್ರ ಲಾಕ್ ಆದ್ರೂ ಅಷ್ಟೇ, ಅದಕ್ಕೆ ಸ್ಲಿಪ್ಪರ್ ಕ್ಲಚ್ ಬೇಕು. ಹಳೇ ಗಾಡಿಯಿಂದ ಬಂದವ್ರು ಇದನ್ನ ಮರೀಬಾರ್ದು.

ಸ್ಪ್ರಾಕೆಟ್ ಅಕ್ಕ
Sport ಅಲ್ಲಿ ಎಗರೋ ವಿಷ್ಯ ಯಾರೂ ಮಾತಾಡ್ಲಿಲ್ಲ. ಅಣ್ಣ, ಚೈನ್ ಲೂಸ್ ನೋಡಿದ್ರಾ? ಕೆಳಗಿನ ಓಟದ ನಡುವಲ್ಲಿ ಬೆರಳಿಂದ ಮೇಲೆ ಕೆಳಗೆ ಆಡಿಸಿ, ಸ್ವಿಂಗ್ ಆರ್ಮ್ ಮೇಲಿನ ಸ್ಟಿಕ್ಕರಲ್ಲಿ ಇರೋ ಅಳತೆಗಿಂತ ಜಾಸ್ತಿ ಆಡಿದ್ರೆ ಥ್ರಾಟಲ್ ತೆಗೆದ ಕೂಡ್ಲೇ ಆ ಸಡಿಲ ಎಲ್ಲಾ ಒಂದೇ ಸಲ ಬಿಗೀತದೆ, ಅದೇ ಝಟಕಾ. Road ಅಲ್ಲೂ ಸ್ವಲ್ಪ ಇದ್ರೆ ಚೈನೇ ಅನ್ಕೊಳ್ಳಿ. ಮೋಡ್ ಚೇಂಜ್ ಮಾಡೋವಾಗ ಥ್ರಾಟಲ್ ಪೂರ್ತಿ ಮುಚ್ಚಿ, ಇಲ್ಲಾಂದ್ರೆ ತುಂಬಾ ಗಾಡೀಲಿ ಹೆಸ್ರು ಮಿಣುಕ್ತಾ ಇರುತ್ತೆ, ಮೋಡ್ ಬದ್ಲಾಗಲ್ಲ.

ಕಾರ್ಬ್ ಕಾಲದವ
ಟೈರ್ 150/70 ಹಾಕ್ಸಿದೆ, ಅದೇ ತಿರುವಲ್ಲಿ ಅದೇ ಗೇರಲ್ಲಿ ಹೋದೆ, ಮಿಸ್ಸಿಂಗೂ ಇಲ್ಲ ಲೈಟೂ ಇಲ್ಲ. ವೀಲ್ ಸೆನ್ಸರ್ ಅವ್ರಿಗೆ ತುಂಬಾ ಥ್ಯಾಂಕ್ಸ್. ಚೈನ್ ನಿಜವಾಗ್ಲೂ ಲೂಸಿತ್ತು ಅಕ್ಕ, ಸರಿ ಮಾಡಿದ್ಮೇಲೆ Road ಅಲ್ಲಿ ನುಣುಪಾಗಿದೆ, ಆದ್ರೆ Sport ಅಲ್ಲಿ ಫಸ್ಟ್ ಗೇರಲ್ಲಿ ಇನ್ನೂ ಸ್ವಲ್ಪ ಎಗರುತ್ತೆ.

ಸ್ಪ್ರಾಕೆಟ್ ಅಕ್ಕ
ಹಿಂದಿನ ಚಕ್ರದ ಹಬ್ ಒಳಗೆ ಝಟಕಾ ಹೀರೋ ಕುಷ್ ರಬ್ಬರ್ ನೋಡಿಸಿ, ಗಾಡಿ ನಿಂತಿದ್ದಾಗ ಚಕ್ರ ಹಿಡ್ಕೊಂಡು ಸ್ಪ್ರಾಕೆಟ್ ಅತ್ತಿತ್ತ ಆಡಿಸಿದ್ರೆ ಗೊತ್ತಾಗುತ್ತೆ.

ವೀಲ್ ಸೆನ್ಸರ್
ನಂಗೆ ಅದು ಮೋಡಿನ ಮ್ಯಾಪೇ ಅನ್ಸುತ್ತೆ, ಥ್ರಾಟಲ್ ಮುಚ್ಚಿದಾಗ ಪೆಟ್ರೋಲ್ ಪೂರ್ತಿ ಕಟ್ ಆಗಿ ತೆಗೆದಾಗ ಮತ್ತೆ ಬರೋ ಆ ಕ್ಷಣ Sport ಅಲ್ಲಿ ಒರಟು. ಆದ್ರೆ ರಬ್ಬರ್ ನೋಡೋದು ಸುಲಭ, ಮೊದ್ಲು ಅದನ್ನ ನೋಡಿ. ಅದು ಸರಿ ಇದ್ರೆ ಟ್ರಾಫಿಕ್ಕಲ್ಲಿ Road ಇಟ್ಕೊಳ್ಳಿ, ಹಿಂದಿನ ಬ್ರೇಕ್ ಒಂಚೂರು ಹಿಡ್ದು ಥ್ರಾಟಲ್ ಪೂರ್ತಿ ಮುಚ್ಚದೆ ಓಡ್ಸಿ ನೋಡಿ.